‘ಆರಿದ ಮೇಲೆ’ ಅಂದರೆ ಯಾವಾಗ? ಕುಚ್ಚಲಕ್ಕಿ ಮಿಲ್ಲಿನ ಕೈಪಿಡಿಯೊಂದರ ಅನುವಾದ

ಕಾರ್ಕಳ ತಾಲ್ಲೂಕಿನ ಒಂದು ಕುಚ್ಚಲಕ್ಕಿ ಮಿಲ್ಲಿಗೆ ನಾನೊಂದು ಕೈಪಿಡಿ ಅನುವಾದ ಮಾಡಿಕೊಟ್ಟಿದ್ದೆ. ಇಂಗ್ಲಿಷಿನಲ್ಲಿ ಇದ್ದದ್ದು 34 ಪುಟ. ಭತ್ತ ನೆನೆಸುವುದು, ಹಬೆ ಕೊಡುವುದು, ಒಣಗಿಸುವುದು, ಸಿಪ್ಪೆ ಸುಲಿಯುವುದು, ಪಾಲಿಶ್ ಮಾಡುವುದು ಎಲ್ಲ ಅದರಲ್ಲಿತ್ತು. ಓದಬೇಕಾದವರು ಹೊಸದಾಗಿ ಸೇರಿದ್ದ ಏಳು ಜನ. ನಾಲ್ವರು ಕೊಪ್ಪಳದ ಕಡೆಯವರು, ಮೂವರು ಹಾವೇರಿಯವರು. ಎಲ್ಲರೂ ಕನ್ನಡ ಚೆನ್ನಾಗಿ ಓದುತ್ತಿದ್ದರು. ಆದರೆ ಅವರ ಊಟ ಜೋಳದ ರೊಟ್ಟಿ, ಬಿಳಿ ಅನ್ನ. ಕುಚ್ಚಲಕ್ಕಿ ಆಗುವುದನ್ನು ಅವರು ನೋಡಿರಲಿಲ್ಲ.

ಕೈಪಿಡಿ ಕೊಟ್ಟು ಒಂಬತ್ತನೇ ದಿನ ಬೆಳಿಗ್ಗೆ ಮಿಲ್ಲಿನಿಂದ ಫೋನ್ ಬಂತು. ರಾತ್ರಿ ಪಾಳಿಯಲ್ಲಿ ಸರಿಯಾಗಿ ಒಣಗದ ಭತ್ತವನ್ನೇ ಸಿಪ್ಪೆ ಸುಲಿಯುವ ಶೆಲ್ಲರ್‌ಗೆ ಬಿಟ್ಟಿದ್ದಾರೆ. ಪಾಲಿಶರ್‌ನ ಜಾಲಿ ಕಟ್ಟಿಕೊಂಡು ಮಷೀನ್ ನಿಂತಿದೆ. ನಾಲ್ಕು ಟನ್ ಭತ್ತದಲ್ಲಿ ಸುಮಾರು ಒಂದು ಟನ್ ಆಗಲೇ ಒಳಗೆ ಹೋಗಿದೆ. ನಾನು ಮಧ್ಯಾಹ್ನದ ಹೊತ್ತಿಗೆ ಅಲ್ಲಿಗೆ ಹೋದೆ. ರಾತ್ರಿ ಪಾಳಿಯ ಹುಡುಗನೊಬ್ಬ ನಿದ್ದೆ ಬಿಟ್ಟು ಕಾದು ಕೂತಿದ್ದ. ಕೈಯಲ್ಲಿ ನನ್ನ ಕೈಪಿಡಿ ಇತ್ತು.

“ಇದರಾಗ ಬರದಂಗ ಮಾಡೇವ್ರಿ ಸರ್. ಕೈ ಹಾಕಿ ನೋಡಿದ್ವಿ, ಸುಡಲಿಲ್ಲ. ಆರಿತ್ತು. ಅದಕ್ಕ ಬಿಟ್ವಿ” ಅಂದ.

ಅವನು ಬೆರಳಿಟ್ಟು ತೋರಿಸಿದ ಸಾಲುಗಳು ಹೀಗಿದ್ದವು: “ಹಬೆ ಕೊಟ್ಟ ಭತ್ತವನ್ನು ಮೊದಲ ಹಂತದಲ್ಲಿ ಆರಿಸಿ. ಆರು ಗಂಟೆ ಹದಗೊಳ್ಳಲು ಬಿಡಿ. ಎರಡನೇ ಹಂತದಲ್ಲಿ ಮತ್ತೆ ಆರಿಸಿ. ಪೂರ್ತಿ ಆರಿದ ಮೇಲೆ ಶೆಲ್ಲರ್‌ಗೆ ಬಿಡಿ.”

ಬರೆಯುವಾಗ ನನಗೆ ಈ ಸಾಲುಗಳಲ್ಲಿ ಏನೂ ತಪ್ಪು ಕಂಡಿರಲಿಲ್ಲ. ಒಣಗಿಸು ಅನ್ನುವುದಕ್ಕಿಂತ ಆರಿಸು ಅನ್ನುವುದು ಸಹಜ ಅನ್ನಿಸಿತ್ತು. ಬಟ್ಟೆ ಆರ ಹಾಕುತ್ತೇವೆ, ಹಪ್ಪಳ ಆರಿಸುತ್ತೇವೆ. ಆದರೆ ಕಾಫಿಯನ್ನೂ ಆರಿಸಿ ಕುಡಿಯುತ್ತೇವೆ ಅಲ್ವಾ? ನೀರು ಹೋಗುವುದಕ್ಕೂ ಬಿಸಿ ಹೋಗುವುದಕ್ಕೂ ನಮ್ಮಲ್ಲಿ ಒಂದೇ ಮಾತು. ಅದರ ಜೊತೆಗೆ ‘ಆರು ಗಂಟೆ’ ಬೇರೆ. ಆ ನಾಲ್ಕು ಸಾಲಿನಲ್ಲಿ ‘ಆರು’ ನಾಲ್ಕು ಸಲ ಬಂದಿದೆ. ಡ್ರೈಯರ್‌ನಿಂದ ಬಿಸಿಬಿಸಿಯಾಗಿ ಇಳಿದ ಭತ್ತ ಬಿನ್ನಿನಲ್ಲಿ, ಅಂದರೆ ತುಂಬಿಡುವ ತೊಟ್ಟಿಯಲ್ಲಿ, ಆರು ಗಂಟೆ ಕೂತಿದೆ. ಹುಡುಗ ಕೈ ಹಾಕಿದ್ದಾನೆ. ಬಿಸಿ ಇಲ್ಲ. ಸರಿ, ಆರಿತು. ಮತ್ತೆ ಆರಿಸುವುದು ಏತಕ್ಕೆ? ಬಿಟ್ಟಿದ್ದಾನೆ. ನನ್ನ ವಾಕ್ಯವನ್ನು ಓದಿದ ರೀತಿಯಲ್ಲಿ ಅವನದೇನೂ ತಪ್ಪಿರಲಿಲ್ಲ.

ಮೇಸ್ತ್ರಿ ಬಿನ್ನಿನಲ್ಲಿ ಉಳಿದ ಭತ್ತವನ್ನು ಮೀಟರ್‌ಗೆ ಹಾಕಿ ತೋರಿಸಿದರು. ತೇವಾಂಶ ಶೇಕಡಾ 17.2. ಶೆಲ್ಲರ್‌ಗೆ ಹೋಗುವಾಗ ಇರಬೇಕಾದದ್ದು 13ರಿಂದ 14.

ಬರೀ ಮೂರೂವರೆ ಅಂಶದ ವ್ಯತ್ಯಾಸಕ್ಕೆ ಇಷ್ಟು ರಗಳೆ ಯಾಕೆ ಅನ್ನುವುದು ನನಗೆ ಅವತ್ತು ಸರಿಯಾಗಿ ಗೊತ್ತಿರಲಿಲ್ಲ. ಗೊತ್ತಿಲ್ಲದೆಯೇ ಆ ಪುಟ ಅನುವಾದ ಮಾಡಿದ್ದೆ. ಮೇಸ್ತ್ರಿ ಮತ್ತು ನಾನು ಕೂತು ಲೆಕ್ಕ ಹಾಕಿದೆವು. ಒಂದು ಟನ್ ಒಣ ಭತ್ತ ತೆಗೆದುಕೊಳ್ಳಿ. ತೇವ ಶೇಕಡಾ 14 ಇದ್ದರೆ ಅದರಲ್ಲಿ ನೀರು 140 ಕೆಜಿ, ಉಳಿದ 860 ಕೆಜಿ ಗಟ್ಟಿ ಪದಾರ್ಥ. ನೆನೆಸಿದಾಗ ತೇವ ಶೇಕಡಾ 30ಕ್ಕೆ ಏರುತ್ತದೆ. ಆಗ ಅದೇ ಭತ್ತದ ತೂಕ ಸುಮಾರು 1,228 ಕೆಜಿ. ಹಬೆಯಲ್ಲಿ ಇನ್ನೂ ಸ್ವಲ್ಪ ನೀರು ಸೇರುತ್ತದೆ, ಅದನ್ನು ಸದ್ಯ ಬಿಡೋಣ. ಮೊದಲ ಸಲ ಡ್ರೈಯರ್‌ಗೆ ಹಾಕಿ ಶೇಕಡಾ 17ಕ್ಕೆ ಇಳಿಸಿದರೆ ತೂಕ 1,036 ಕೆಜಿ. ಅಂದರೆ 190 ಕೆಜಿಗೂ ಜಾಸ್ತಿ ನೀರು ಮೊದಲ ಸಲವೇ ಹೋಯಿತು. ಎರಡನೇ ಸಲ 13.5ಕ್ಕೆ ಇಳಿಸಿದರೆ 994 ಕೆಜಿ. ಇಲ್ಲಿ ಹೋಗುವುದು ಬರೀ 42 ಕೆಜಿ.

ಹೀಗಾಗಿ ಮೊದಲ ಸಲದ ನಂತರ ಭತ್ತ ಕೈಗೆ ಒಣಗಿದ ಹಾಗೇ ಇರುತ್ತದೆ. ಸಿಪ್ಪೆ ಗರಗರ ಅನ್ನುತ್ತದೆ. ಬಹುಪಾಲು ನೀರು ನಿಜಕ್ಕೂ ಹೋಗಿರುತ್ತದೆ. ಉಳಿದ ನೀರು ಇರುವುದು ಕಾಳಿನ ಹೊಟ್ಟೆಯೊಳಗೆ. ಅದು ಕೈಗೆ ಸಿಗುವುದಿಲ್ಲ. ಅಂಥ ಭತ್ತವನ್ನು ಸುಲಿದರೆ ಕಾಳು ಮೆತ್ತಗಿರುತ್ತದೆ. ಪಾಲಿಶರ್‌ನಲ್ಲಿ ತೌಡು ಪುಡಿಯಾಗಿ ಉದುರುವುದಿಲ್ಲ, ಅಂಟು ಅಂಟಾಗಿ ಜಾಲಿಯ ಕಣ್ಣಿಗೆ ಮೆತ್ತಿಕೊಳ್ಳುತ್ತದೆ. ಕುಚ್ಚಲಕ್ಕಿಯ ತೌಡಿನಲ್ಲಿ ಎಣ್ಣೆ ಅಂಶ ಮೊದಲೇ ಜಾಸ್ತಿ. ತೇವವೂ ಸೇರಿದರೆ ಜಾಲಿ ಬೇಗ ಕಟ್ಟುತ್ತದೆ. ಮೋಟರಿನ ಆಂಪಿಯರ್ ಏರುತ್ತದೆ, ಅಕ್ಕಿ ಬಿಸಿಯಾಗುತ್ತದೆ, ಕೊನೆಗೆ ಮಷೀನ್ ನಿಲ್ಲುತ್ತದೆ. ಅವತ್ತು ಆದದ್ದು ಅಷ್ಟೂ ಅದೇ. ನಿಲ್ಲದೆ ಹಾಗೆಯೇ ಚೀಲಕ್ಕೆ ಹೋಗಿದ್ದರೆ ಇನ್ನೂ ಕಷ್ಟವಿತ್ತು. ಕರಾವಳಿಯ ಹವೆಯಲ್ಲಿ ಆ ತೇವದ ಅಕ್ಕಿ ಕೆಲವೇ ದಿನದಲ್ಲಿ ಮುಗ್ಗಲು ವಾಸನೆ ಹಿಡಿಯುತ್ತದೆ.

ಹಾಗಾದರೆ ಎರಡು ಸಲ ಯಾಕೆ, ಒಂದೇ ಸಲಕ್ಕೆ 14ಕ್ಕೆ ಇಳಿಸಬಾರದೇ? ಹುಡುಗರು ಕೇಳಿದ ಪ್ರಶ್ನೆ ಇದು. ಕೈಪಿಡಿಯ ಇಂಗ್ಲಿಷಿನಲ್ಲಿ ಇದಕ್ಕೆ ಉತ್ತರ ಇರಲಿಲ್ಲ. ‘ಟೆಂಪರಿಂಗ್’ ಅನ್ನುವ ಒಂದು ಮಾತು ಮಾತ್ರ ಇತ್ತು. ನಿಘಂಟಿನಲ್ಲಿ ಅದಕ್ಕೆ ಹದಗೊಳಿಸು ಅಂತ ಇದೆ. ಕಬ್ಬಿಣಕ್ಕೆ ಹದ ಕೊಡುವುದು ಅದು. ಅಡುಗೆಯ ಇಂಗ್ಲಿಷಿನಲ್ಲಿ ಅದೇ ಮಾತಿಗೆ ಒಗ್ಗರಣೆ ಅನ್ನುವ ಅರ್ಥ. ಮಿಲ್ಲಿನಲ್ಲಿ ಮಾತ್ರ ಅದು ಸುಮ್ನೆ ಇಡುವುದು. ಡ್ರೈಯರ್‌ನಲ್ಲಿ ಕಾಳಿನ ಹೊರಮೈ ಬೇಗ ಒಣಗುತ್ತದೆ, ಒಳಗಿನ ನೀರು ನಿಧಾನ. ಗುಡ್ಡೆ ಹಾಕಿ ಬಿಟ್ಟರೆ ಒಳಗಿನ ನೀರು ಮೆಲ್ಲಗೆ ಹೊರಗೆ ಬಂದು ಇಡೀ ಕಾಳು ಒಂದೇ ಸಮ ಆಗುತ್ತದೆ. ಹಾಗೆ ಬಿಡದೆ ಒಂದೇ ದಮ್ಮಿನಲ್ಲಿ ಒಣಗಿಸಿದರೆ ತೇವ ಶೇಕಡಾ 16ರ ಕೆಳಗೆ ಇಳಿದ ಮೇಲೆ ಹೊರಮೈ ಕುಗ್ಗಿ ಎಳೆಯುತ್ತದೆ, ಒಳಗು ಬಗ್ಗುವುದಿಲ್ಲ, ಕಾಳು ಬಿರುಕು ಬಿಡುತ್ತದೆ. ಆ ಬಿರುಕು ಡ್ರೈಯರ್‌ನಲ್ಲಿ ಕಾಣುವುದಿಲ್ಲ. ತಣ್ಣಗಾಗುತ್ತಾ ಆಗುತ್ತಾ ಮೂಡುತ್ತದೆ. ಪಾಲಿಶರ್‌ನಲ್ಲಿ ನುಚ್ಚಾಗಿ ಬಿದ್ದಾಗಲೇ ಗೊತ್ತಾಗುವುದು. ಅದಕ್ಕೇ ಮೊದಲ ಸಲ ಗಾಳಿಯನ್ನು 100 ಡಿಗ್ರಿಯವರೆಗೂ ಬಿಸಿ ಮಾಡುತ್ತಾರೆ, ಎರಡನೇ ಸಲ 75 ಡಿಗ್ರಿ ದಾಟಿಸುವುದಿಲ್ಲ.

“ಹಾಂಗಾದ್ರ ಅದನ್ನ ಬರೀರಲ್ರಿ. ಹದ ಅಂದ್ರ ನಮಗೇನ್ ಗೊತ್ತಾಗ್ತೈತಿ?” ಅಂದ ಹಾವೇರಿಯ ಇನ್ನೊಬ್ಬ ಹುಡುಗ.

ಹಾಗೇ ಬರೆದೆ. ಆ ಪುಟ ಈಗ ಹೀಗಿದೆ:

“ಭತ್ತ ಎರಡು ಸಲ ಡ್ರೈಯರ್‌ಗೆ ಹೋಗಬೇಕು. ಮೊದಲ ಸಲ ಮೀಟರ್ 17 ತೋರಿಸುವವರೆಗೆ ಒಣಗಿಸಿ. ಬಿನ್ನಿಗೆ ಇಳಿಸಿ 6 ಗಂಟೆ ಮುಟ್ಟದೆ ಬಿಡಿ. ಈ ಹೊತ್ತಿನಲ್ಲಿ ಕಾಳಿನ ಒಳಗಿನ ನೀರು ಹೊರಮೈಗೆ ಬರುತ್ತದೆ. ಭತ್ತ ತಣ್ಣಗಾಗಿದೆ ಎಂದರೆ ಒಣಗಿದೆ ಎಂದಲ್ಲ. 6 ಗಂಟೆ ಆದ ಮೇಲೆ ಎರಡನೇ ಸಲ ಡ್ರೈಯರ್‌ಗೆ ಹಾಕಿ. ಮೀಟರ್ 13ರಿಂದ 14ರೊಳಗೆ ತೋರಿಸಿದಾಗ ನಿಲ್ಲಿಸಿ. ಭತ್ತ ತಣ್ಣಗಾದ ಮೇಲೆ ಇನ್ನೊಮ್ಮೆ ಮೀಟರ್ ನೋಡಿ, ಬೋರ್ಡಿನಲ್ಲಿ ಬರೆದು, ಆಮೇಲೆ ಶೆಲ್ಲರ್‌ಗೆ ಬಿಡಿ.”

‘ಆರು’ ಅನ್ನುವ ಅಕ್ಷರ ಆ ಪುಟದಲ್ಲಿ ಎಲ್ಲೂ ಇಲ್ಲ. ಒಣಗುವುದಕ್ಕೆ ಒಣಗು, ಬಿಸಿ ಹೋಗುವುದಕ್ಕೆ ತಣ್ಣಗಾಗು, ಸಂಖ್ಯೆಗೆ ಅಂಕಿ. ಇಡೀ ಕೈಪಿಡಿಗೆ ಇದೇ ನಿಯಮ ಮಾಡಿಕೊಂಡೆ. ತಣ್ಣಗಾದ ಮೇಲೆ ಇನ್ನೊಮ್ಮೆ ಮೀಟರ್ ನೋಡಬೇಕು ಅನ್ನುವುದು ಮೇಸ್ತ್ರಿ ಸೇರಿಸಿದ್ದು. ಬಿಸಿ ಭತ್ತಕ್ಕೆ ಮೀಟರ್ ಸರಿಯಾದ ಲೆಕ್ಕ ಕೊಡುವುದಿಲ್ಲ.

ಒಳಗೆ ಹೋಗಿದ್ದ ಆ ಒಂದು ಟನ್ನಿನ ಕಥೆಯನ್ನೂ ಹೇಳಬೇಕು. ಸುಲಿದ ಅಕ್ಕಿಯನ್ನು ಮತ್ತೆ ಡ್ರೈಯರ್‌ಗೆ ಹಾಕುವ ಹಾಗಿಲ್ಲ. ಸಿಪ್ಪೆ ಇಲ್ಲದ ಕಾಳು ಬಿಸಿ ಗಾಳಿಗೆ ಬೇಗ ಬಿರಿಯುತ್ತದೆ. ಶೆಡ್ಡಿನ ನೆರಳಿನಲ್ಲಿ ಸಿಮೆಂಟ್ ನೆಲದ ಮೇಲೆ ತೆಳ್ಳಗೆ ಹರಡಿ, ಫ್ಯಾನ್ ಹಾಕಿ, ಎರಡು ದಿನ ಕೈಯಾಡಿಸುತ್ತಾ ಒಣಗಿಸಿದರು. ಆದರೂ ನುಚ್ಚು ಜಾಸ್ತಿಯೇ ಬಂತು. ಬಿನ್ನಿನಲ್ಲಿ ಉಳಿದಿದ್ದ ಮೂರು ಟನ್ ಎರಡನೇ ಸಲ ಡ್ರೈಯರ್‌ಗೆ ಹೋಗಿ ಸರಿಯಾಗಿ ಬಂತು.

ಅರೆ ಅಲ್ಲ, ಪೂರ್ತಿ

ಒಂದು ಪುಟ ಹೀಗಿದ್ದರೆ ಉಳಿದ 33 ಪುಟ? ಮಿಲ್ಲಿನ ಮಾಲೀಕರ ಹತ್ತಿರ ಹದಿನೈದು ದಿನದ ಸಮಯ ಕೇಳಿಕೊಂಡೆ. ಪ್ರತಿ ಪುಟವನ್ನೂ ಆಯಾ ಮಷೀನಿನ ಪಕ್ಕದಲ್ಲೇ ನಿಂತು ಓದಿಸಿದೆ. ಹುಡುಗರು ಓದಬೇಕು, ಓದಿ ಏನು ಮಾಡುತ್ತೀರಿ ಅಂತ ಕೈಯಲ್ಲಿ ಮಾಡಿ ತೋರಿಸಬೇಕು. ಅರ್ಥ ಆಯಿತಾ ಅಂತ ಕೇಳಲಿಲ್ಲ. ಕೇಳಿದರೆ ಎಲ್ಲರೂ ಹೂಂ ಅನ್ನುತ್ತಾರೆ.

ಮೊದಲು ಬಿದ್ದದ್ದು ಕೈಪಿಡಿಯ ಹೆಸರೇ. ‘ಪಾರ್‌ಬಾಯ್ಲಿಂಗ್’ ಅನ್ನುವುದಕ್ಕೆ ನಾನು ‘ಅರೆಬೇಯಿಸುವಿಕೆ’ ಅಂತ ಬರೆದಿದ್ದೆ. ಅನೇಕ ಕಡೆ ಹಾಗೇ ಬರೆಯುತ್ತಾರೆ. ಹಬೆ ಟ್ಯಾಂಕಿನ ಹತ್ತಿರ ಓದಿಸಿದಾಗ ಕೊಪ್ಪಳದವರೊಬ್ಬರು ಬೇಗ ಹಬೆ ನಿಲ್ಲಿಸುತ್ತೇನೆ ಅಂದರು. ಯಾಕೆ ಅಂದರೆ, ಅರ್ಧ ಬೆಂದರೆ ಸಾಕಲ್ಲ ಅಂತ. ಅವರ ಮಾತಿನಲ್ಲಿ ತರ್ಕ ಇದೆ. ಆದರೆ ಕೆಲಸ ಅದಕ್ಕೆ ಉಲ್ಟಾ. ಕುಚ್ಚಲಕ್ಕಿಯಲ್ಲಿ ಕಾಳಿನ ನಡುಮಧ್ಯದವರೆಗೂ ಪಿಷ್ಟ ಬೆಂದಿರಬೇಕು. ಅನ್ನದ ಹಾಗೆ ಅರಳಿರುವುದಿಲ್ಲ ಅಷ್ಟೇ. ಒಳಗೆ ಬೇಯದೆ ಉಳಿದರೆ ಕಾಳಿನ ನಡುವೆ ಸುಣ್ಣದ ಚುಕ್ಕಿಯಂತೆ ಬಿಳಿ ಉಳಿಯುತ್ತದೆ. ಪಾಲಿಶರ್‌ನಲ್ಲಿ ಕಾಳು ಆ ಬಿಳಿ ಇರುವ ಜಾಗದಲ್ಲೇ ಮುರಿಯುತ್ತದೆ.

ಈ ಕೆಲಸಕ್ಕೆ ಕರಾವಳಿಯಲ್ಲಿ ಸರಿಯಾದ ಮಾತು ಮೊದಲಿನಿಂದ ಇದೆ: ಭತ್ತ ಕುಚ್ಚುವುದು. ಮನೆಯಲ್ಲಿ ಹಂಡೆಯಲ್ಲಿ ಭತ್ತ ಬೇಯಿಸುತ್ತಿದ್ದ ಅಜ್ಜಿಯಂದಿರು ಯಾವಾಗ ಬೆಂಕಿ ತೆಗೆಯಬೇಕು ಅನ್ನುವುದಕ್ಕೂ ಒಂದು ಮಾತು ಇಟ್ಟಿದ್ದರು. ಭತ್ತ ಬಾಯಿ ಬಿಡಬೇಕು. ಸಿಪ್ಪೆಯ ಎರಡು ಹೋಳು ಸೇರುವ ಕಡೆ ಸಣ್ಣಗೆ ಸಂದು ಬಿಡುವುದು ಅದು. ಇಂಗ್ಲಿಷ್ ಪುಟದಲ್ಲಿ ಸಿಪ್ಪೆ ಒಡೆಯುವವರೆಗೆ ಹಬೆ ಕೊಡಿ ಅಂತ ಇತ್ತು. ‘ಒಡೆಯುವವರೆಗೆ’ ಅಂದರೆ ಹೊಸಬ ಸಿಪ್ಪೆ ಕಳಚಿ ಬೀಳಲಿ ಅಂತ ಕಾಯುತ್ತಾನೆ. ಅಷ್ಟರಲ್ಲಿ ಕಾಳು ಉಬ್ಬಿ ಹೊರಗೆ ಇಣುಕಿ, ಬಣ್ಣ ಕಪ್ಪಾಗಿರುತ್ತದೆ. ಬಾಯಿ ಬಿಡುವುದು ಅಂದಾಗ ಹುಡುಗರಿಗೆ ಕೂಡಲೇ ಹೊಳೆಯಿತು. ಕುಚ್ಚುವುದು ಅನ್ನುವ ಮಾತು ಅವರ ಊರಿನಲ್ಲಿಲ್ಲ, ಆದರೂ ಅದನ್ನೇ ಉಳಿಸಿದೆ. ಹೊಸ ಕೆಲಸಕ್ಕೆ ಒಂದು ಹೊಸ ಮಾತು ಕಲಿಯುವುದು ಅವರಿಗೆ ಕಷ್ಟವಾಗಲಿಲ್ಲ. ತಪ್ಪು ಅರ್ಥ ಕೊಡುವ ಹಳೆಯ ಮಾತಿಗಿಂತ ಅದು ವಾಸಿ.

ನೆನೆಸುವ ಪುಟದಲ್ಲಿ ಇನ್ನೊಂದು ತೊಡಕು. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ರೂಪಿಸಿದ ಬಿಸಿನೀರಿನ ವಿಧಾನವನ್ನೇ ಈ ಮಿಲ್ಲಿನಲ್ಲೂ ಮಾಡುತ್ತಾರೆ. ತಣ್ಣೀರಿನಲ್ಲಾದರೆ ಭತ್ತ ಎರಡು ಮೂರು ದಿನ ನೆನೆಯಬೇಕು. ಅಷ್ಟರಲ್ಲಿ ಹುಳಿ ಬಂದು ಅಕ್ಕಿಗೆ ಆ ವಾಸನೆ ಅಂಟುತ್ತದೆ. 70 ಡಿಗ್ರಿಯಲ್ಲಿ ನೆನೆಸಿದರೆ ಮೂರರಿಂದ ನಾಲ್ಕು ಗಂಟೆ ಸಾಕು. ನಾನು ಬರೆದಿದ್ದೆ: “70 ಡಿಗ್ರಿ ಬಿಸಿನೀರಿನಲ್ಲಿ 3ರಿಂದ 4 ಗಂಟೆ ನೆನೆಸಿ.” ಓದಿದ ಹುಡುಗ ಏನು ಮಾಡಿದ? ನೀರನ್ನು 70ಕ್ಕೆ ಕಾಯಿಸಿದ, ಭತ್ತ ಸುರಿದ. ತಣ್ಣನೆಯ ಭತ್ತ ಬಿದ್ದ ಕೂಡಲೇ ಟ್ಯಾಂಕಿನ ಬಿಸಿ 60ರ ಹತ್ತಿರಕ್ಕೆ ಇಳಿಯಿತು. ಆ ಬಿಸಿಯಲ್ಲಿ ನಾಲ್ಕು ಗಂಟೆಗೆ ಕಾಳಿನ ನಡುವಿಗೆ ನೀರು ತಲುಪುವುದಿಲ್ಲ. 70 ಅನ್ನುವುದು ಭತ್ತ ಮತ್ತು ನೀರು ಕೂಡಿದ ಮೇಲೆ ಇರಬೇಕಾದ ಬಿಸಿ. ಅದಕ್ಕೆ ನೀರು 85 ಡಿಗ್ರಿ ಇರಬೇಕು, ಒಂದು ಟನ್ ಭತ್ತಕ್ಕೆ ಒಂದೂಕಾಲು ಟನ್ ನೀರಿನ ಲೆಕ್ಕದಲ್ಲಿ. ಇದು ಮೇಸ್ತ್ರಿಗೆ ಗೊತ್ತಿತ್ತು, ಕೈಪಿಡಿ ಬರೆದವರಿಗೂ ಗೊತ್ತಿತ್ತು. ಅದಕ್ಕೇ ಯಾರೂ ಹೇಳಿರಲಿಲ್ಲ.

ಆ ಪುಟಕ್ಕೆ ಎರಡು ಸಾಲು ಸೇರಿತು. ಒಂದು, ನೀರು 85ಕ್ಕೆ ಬಂದಾಗ ಭತ್ತ ಸುರಿಯಿರಿ, ಕಲಸಿ, ಹತ್ತು ನಿಮಿಷ ಬಿಟ್ಟು ಥರ್ಮಾಮೀಟರ್ ನೋಡಿ, 70 ಇರಬೇಕು. 80 ದಾಟಿದರೆ ಟ್ಯಾಂಕಿನಲ್ಲೇ ಸಿಪ್ಪೆ ಬಿರಿದು ಗಂಜಿ ಬಿಡುತ್ತದೆ. ಎರಡು, ನೆನೆದಿದೆಯೇ ಅಂತ ನೋಡಲು ಹತ್ತು ಕಾಳು ತೆಗೆದು ಬ್ಲೇಡಿನಲ್ಲಿ ಅಡ್ಡ ಕೊಯ್ಯಿರಿ. ನಡುವೆ ಒಣ ಹಿಟ್ಟಿನ ಹಾಗೆ ಚುಕ್ಕಿ ಕಂಡರೆ ಇನ್ನೂ ನೆನೆಯಬೇಕು. ಅವಸರಕ್ಕೆ ಹಬೆ ಜಾಸ್ತಿ ಕೊಟ್ಟರೆ ಆ ಚುಕ್ಕಿ ಹೋಗುವುದಿಲ್ಲ. ನೀರು ತಲುಪದ ಜಾಗ ಹಬೆಗೂ ಬೇಯುವುದಿಲ್ಲ.

ಉಳಿಯಲೇಬೇಕಾದ ಭತ್ತ

ಶೆಲ್ಲರ್‌ನ ಪುಟ ಸುಲಭ ಅಂದುಕೊಂಡಿದ್ದೆ. ಎರಡು ರಬ್ಬರ್ ರೋಲು ಎದುರುಬದುರಾಗಿ ತಿರುಗುತ್ತವೆ. ಒಂದು ಇನ್ನೊಂದಕ್ಕಿಂತ ಸುಮಾರು ಕಾಲು ಭಾಗ ವೇಗ ಜಾಸ್ತಿ. ನಡುವಿನ ಸಂದು ಭತ್ತದ ಕಾಳಿನ ದಪ್ಪಕ್ಕಿಂತ ಕಡಿಮೆ. ಸಂದಿನಲ್ಲಿ ಹಾಯುವಾಗ ಎರಡು ಕಡೆಯ ವೇಗ ಬೇರೆ ಇರುವುದರಿಂದ ಸಿಪ್ಪೆ ಉಜ್ಜಿಕೊಂಡು ಕಳಚುತ್ತದೆ. ನಾವು ಎರಡು ಅಂಗೈ ನಡುವೆ ಶೇಂಗಾ ಹಾಕಿ ತಿಕ್ಕಿ ಹೊಟ್ಟು ಬಿಡಿಸಿದ ಹಾಗೆ. ಈ ಹೋಲಿಕೆ ಕೊಟ್ಟದ್ದು ಹುಡುಗರೇ. ಅದನ್ನೇ ಪುಟದ ಮೇಲೆ ಹಾಕಿದೆ.

ತೊಡಕು ಒಂದು ಸಂಖ್ಯೆಯಲ್ಲಿತ್ತು. “ಒಂದು ಸುತ್ತಿಗೆ ಶೇಕಡಾ 85ರಿಂದ 90 ಭತ್ತ ಸುಲಿಯುವಂತೆ ಸಂದು ಹೊಂದಿಸಿ” ಅಂತ ಬರೆದಿದ್ದೆ. ಶೇಕಡಾ 85 ಅಂದರೆ ನಮಗೆ ಪರೀಕ್ಷೆಯ ಅಂಕ. 85 ಬಂದರೆ ಒಳ್ಳೆಯದು, 100 ಬಂದರೆ ಇನ್ನೂ ಒಳ್ಳೆಯದು. ಹುಡುಗರು ಹಾಗೇ ಓದಿ ಚಕ್ರ ಬಿಗಿ ಮಾಡುತ್ತಾ ಹೋದರು. ಕೆಳಗೆ ಒಂದು ಭತ್ತವೂ ಕಾಣದ ಹಾಗೆ ಮಾಡಿ ಖುಷಿಪಟ್ಟರು. ಆದರೆ ಅಷ್ಟು ಬಿಗಿ ಮಾಡಿದರೆ ರೋಲು ಕಾಯುತ್ತದೆ, ರಬ್ಬರ್ ಬೇಗ ಸವೆಯುತ್ತದೆ, ಆಗಲೇ ಸುಲಿದ ಕಾಳೂ ನಜ್ಜುಗುಜ್ಜಾಗುತ್ತದೆ. ಉಳಿದ ಭತ್ತದ ಬಗ್ಗೆ ಚಿಂತೆ ಬೇಡ. ಮುಂದೆ ಸೆಪರೇಟರ್ ಇದೆ. ಅದು ಭತ್ತವನ್ನು ಬೇರ್ಪಡಿಸಿ ತಾನೇ ಶೆಲ್ಲರ್‌ಗೆ ವಾಪಸ್ ಕಳಿಸುತ್ತದೆ.

ಶೇಕಡಾ ಲೆಕ್ಕವನ್ನು ತೆಗೆದು ಹೀಗೆ ಬರೆದೆ: “ಶೆಲ್ಲರ್ ಕೆಳಗೆ ಒಂದು ಹಿಡಿ ತೆಗೆಯಿರಿ. 100 ಕಾಳು ಎಣಿಸಿ. ಅದರಲ್ಲಿ 10ರಿಂದ 15 ಭತ್ತ ಉಳಿದಿರಲೇಬೇಕು. 10ಕ್ಕಿಂತ ಕಡಿಮೆ ಇದ್ದರೆ ಬಿಗಿ ಜಾಸ್ತಿಯಾಗಿದೆ, ಚಕ್ರ ಸಡಿಲ ಮಾಡಿ. 15ಕ್ಕಿಂತ ಜಾಸ್ತಿ ಇದ್ದರೆ ಸ್ವಲ್ಪ ಬಿಗಿ ಮಾಡಿ.” ಎಷ್ಟು ಸುಲಿಯಬೇಕು ಅನ್ನುವುದನ್ನು ಬಿಟ್ಟು ಎಷ್ಟು ಉಳಿಯಬೇಕು ಅಂತ ಹೇಳಿದ್ದು, ಅಷ್ಟೇ. ಪ್ರತಿ ಗಂಟೆಗೆ ಒಮ್ಮೆ ಎಣಿಸುವುದು ಈಗ ಅಲ್ಲಿ ರೂಢಿಯಾಗಿದೆ. ಎಣಿಕೆ ನಿಧಾನಕ್ಕೆ 15, 18, 20 ಅಂತ ಏರುತ್ತಾ ಹೋದರೆ ರೋಲು ಸವೆಯುತ್ತಿದೆ ಅಂತಲೂ ತಿಳಿಯುತ್ತದೆ. ವೇಗದ ರೋಲು ಬೇಗ ಸವೆಯುವುದರಿಂದ ಎರಡನ್ನೂ ಆಗಾಗ ಅದಲು ಬದಲು ಮಾಡಬೇಕು.

ಇಲ್ಲಿ ಸುಲಿದ ಸಿಪ್ಪೆಗೆ ಏನು ಹೆಸರು ಅನ್ನುವುದರ ಮೇಲೆ ಒಂದು ಇಡೀ ಸಂಜೆ ಚರ್ಚೆ ಆಯಿತು. ನಾನು ಹೊಟ್ಟು ಅಂತ ಬರೆದಿದ್ದೆ. ಹಾವೇರಿಯವರಿಗೆ ಹೊಟ್ಟು ಅಂದರೆ ದನಕ್ಕೆ ಹಾಕುವ ಮೇವು. ಕಡಲೆ ಹೊಟ್ಟು, ತೊಗರಿ ಹೊಟ್ಟು. ಗೋಧಿಯ ಮೇಲಿನ ತೌಡಿಗೂ ಹೊಟ್ಟು ಅನ್ನುತ್ತಾರೆ. ಕರಾವಳಿಯ ಮೇಸ್ತ್ರಿಗೆ ಅದು ಉಮಿ. “ಹೊಟ್ಟು ಅಂದ್ರೆ ಎಂತ ಮಾರಾಯ್ರೆ, ಇಲ್ಲಿ ಯಾರೂ ಹಾಗೆ ಹೇಳೂದಿಲ್ಲ” ಅಂದರು. ಇದು ಬರೀ ಭಾಷೆಯ ಜಗಳ ಆಗಿರಲಿಲ್ಲ. ಶೆಲ್ಲರ್‌ನಿಂದ ಬರುವ ಸಿಪ್ಪೆ ಬಾಯ್ಲರ್‌ನ ಒಲೆಗೆ ಹೋಗುತ್ತದೆ. ಪಾಲಿಶರ್‌ನಿಂದ ಬರುವ ತೌಡು ಎಣ್ಣೆ ತೆಗೆಯುವವರಿಗೂ ದನದ ಹಿಂಡಿಗೂ ಹೋಗುತ್ತದೆ, ಒಳ್ಳೆಯ ಬೆಲೆ ಇದೆ. ಸಿಪ್ಪೆ ಬೆರೆತರೆ ತೌಡಿನ ಬೆಲೆ ಬೀಳುತ್ತದೆ. ‘ಹೊಟ್ಟಿನ ಚೀಲ’ ಯಾವುದು ಅನ್ನುವುದರಲ್ಲಿ ಗೊಂದಲ ಆಗಬಾರದು.

ಕೊನೆಗೆ ಉಮಿ ಮತ್ತು ತೌಡು ಅಂತ ಎರಡೇ ಮಾತು ಉಳಿಸಿ, ಕೈಪಿಡಿಯ ಮೊದಲ ಪುಟದಲ್ಲಿ ಎರಡು ಚಿಕ್ಕ ಪ್ಲಾಸ್ಟಿಕ್ ಪೊಟ್ಟಣ ಅಂಟಿಸಿದೆವು. ಒಂದರಲ್ಲಿ ಉಮಿ, ಒಂದರಲ್ಲಿ ತೌಡು, ಕೆಳಗೆ ಹೆಸರು. ಕಾಳಿನ ಜೊಳ್ಳು, ನುಚ್ಚು, ಬಾಯಿ ಬಿಟ್ಟ ಭತ್ತ, ನಡುವೆ ಬಿಳಿ ಉಳಿದ ಅಕ್ಕಿ, ಇವಕ್ಕೂ ಒಂದೊಂದು ಪೊಟ್ಟಣ ಸೇರಿತು. ಚಿತ್ರ ಬರೆಸಬೇಕು ಅಂತಿದ್ದೆ. ವಸ್ತುವೇ ಕೈಗೆ ಸಿಗುವಾಗ ಚಿತ್ರ ಏಕೆ ಅಂತ ಮೇಸ್ತ್ರಿ ಕೇಳಿದ್ದು ಸರಿಯಾಗಿತ್ತು.

ಮಷೀನಿನ ಭಾಗಗಳ ಹೆಸರನ್ನು ನಾನು ಕನ್ನಡಿಸಿದ್ದು ಕಡಿಮೆ. ಎಲಿವೇಟರ್, ಬೆಲ್ಟ್, ಬೇರಿಂಗ್, ಗಾರ್ಡ್, ಜಾಲಿ, ವಾಲ್ವ್, ಎಲ್ಲ ಹಾಗೇ ಇವೆ. ಕೂಗಿ ಹೇಳುವಾಗ ಬಾಯಿಗೆ ಬರುವ ಮಾತೇ ಪುಟದಲ್ಲೂ ಇರಬೇಕು. ಅಪಾಯದ ಸಾಲುಗಳಲ್ಲಿ ಇದು ಇನ್ನೂ ಮುಖ್ಯ. “ಗಾರ್ಡ್ ಅಳವಡಿಸದೆ ಯಂತ್ರವನ್ನು ಚಾಲನೆ ಮಾಡಬಾರದು” ಅಂತಿದ್ದದ್ದು “ಬೆಲ್ಟಿನ ಗಾರ್ಡ್ ಹಾಕಿ. ಆಮೇಲೆ ಮಷೀನ್ ಆನ್ ಮಾಡಿ” ಅಂತಾಯಿತು. ಬಾಯ್ಲರ್‌ನ ಐದು ಪುಟಗಳನ್ನು ಹೊಸಬರ ಕೈಪಿಡಿಯಿಂದ ಪೂರ್ತಿ ತೆಗೆದೆವು. ಅದನ್ನು ಮುಟ್ಟಬೇಕಾದವರು ಸರ್ಟಿಫಿಕೇಟ್ ಇರುವವರು ಮಾತ್ರ.

ಪಾಲಿಶ್ ಎಷ್ಟು?

ಕೊನೆಯ ಭಾಗ ಪಾಲಿಶ್. ಇಂಗ್ಲಿಷಿನಲ್ಲಿ ಐದು ಪರ್ಸೆಂಟ್ ಪಾಲಿಶ್ ಅಂತ ಇತ್ತು. ನಾನು “ಶೇಕಡಾ 5 ಹೊಳಪು” ಅಂತ ಬರೆದಿದ್ದೆ. ಈಗ ಓದಿದರೆ ನನಗೇ ಬೇಸರವಾಗುತ್ತದೆ. ಹೊಳಪನ್ನು ಯಾರು ಅಳೆಯುತ್ತಾರೆ? ಅದು ತೂಕದ ಲೆಕ್ಕ. ಸಿಪ್ಪೆ ಸುಲಿದ 100 ಕೆಜಿ ಅಕ್ಕಿ ಪಾಲಿಶರ್‌ಗೆ ಹೋದರೆ 5 ಕೆಜಿ ತೌಡು ಬರಬೇಕು, 95 ಕೆಜಿ ಅಕ್ಕಿ ಉಳಿಯಬೇಕು. ಹಾಗೇ ತಿದ್ದಿ ಬರೆದೆ. ತೌಡಿನ ಚೀಲ ತೂಗಿದರೆ ಗೊತ್ತಾಗುತ್ತದೆ, ಅಕ್ಕಿಯ ಬಣ್ಣ ನೋಡಿ ಊಹೆ ಮಾಡುವುದು ಬೇಡ.

ಬಣ್ಣದ ವಿಷಯದಲ್ಲಿ ಊರಿನ ವ್ಯತ್ಯಾಸ ಮತ್ತೆ ಎದುರಾಯಿತು. ಈ ಮಿಲ್ಲಿಗೆ ಬರುವುದು ಹೆಚ್ಚಾಗಿ ಎಂಒ 4 ಮತ್ತು ಜ್ಯೋತಿ ಭತ್ತ. ಎರಡಕ್ಕೂ ಕೆಂಪು ಅಕ್ಕಿ. ಇಲ್ಲಿಯ ಜನ ಆ ಕೆಂಪನ್ನೇ ಕೇಳಿ ಕೊಳ್ಳುತ್ತಾರೆ. ಕೊಪ್ಪಳದ ಹುಡುಗರಿಗೆ ಒಳ್ಳೆಯ ಅಕ್ಕಿ ಅಂದರೆ ಸೋನಾ ಮಸೂರಿ. ಮಲ್ಲಿಗೆಯ ಹಾಗೆ ಬೆಳ್ಳಗಿರಬೇಕು. “ಹೊಳಪು ಬರುವಂತೆ ಪಾಲಿಶ್ ಮಾಡಿ” ಅಂತ ನಾನು ಬರೆದಿದ್ದ ಇನ್ನೊಂದು ಸಾಲು ಅವರ ಕೈಯಲ್ಲಿ ಕೆಂಪನ್ನೆಲ್ಲ ತೆಗೆದುಹಾಕುವ ಸಾಲಾಗುತ್ತಿತ್ತು. ಓದಿಸುವಾಗ ಒಬ್ಬ ಪಾಲಿಶರ್‌ನ ಬಾಯಿಯ ಭಾರ ಎಳೆದು ಬಿಗಿ ಮಾಡಲು ಹೋಗಿದ್ದ. ಭಾರ ಹೆಚ್ಚಾದಷ್ಟೂ ಅಕ್ಕಿ ಒಳಗೆ ಹೆಚ್ಚು ಹೊತ್ತು ಉಜ್ಜಿಕೊಳ್ಳುತ್ತದೆ. ಬಣ್ಣದ ಜೊತೆ ತೂಕವೂ ಹೋಗುತ್ತದೆ. ಅಕ್ಕಿಯಾಗಿ ಮಾರುವುದು ತೌಡಾಗಿ ಹೋಗುತ್ತದೆ.

ಆ ಸಾಲನ್ನು ತೆಗೆದೆ. ಅದರ ಜಾಗದಲ್ಲಿ ಎಷ್ಟು ಕೆಂಪು ಉಳಿಯಬೇಕು ಅಂತ ಮಾತಿನಲ್ಲಿ ಹೇಳಲು ಬಹಳ ಪ್ರಯತ್ನಪಟ್ಟೆ. ಇಟ್ಟಿಗೆಯ ಬಣ್ಣ, ಗೇರುಬೀಜದ ಸಿಪ್ಪೆಯ ಬಣ್ಣ ಅಂತ ಏನೇನೋ ಬರೆದು ಹೊಡೆದುಹಾಕಿದೆ. ಒಂದೊಂದು ಗದ್ದೆಯ ಭತ್ತದ ಕೆಂಪು ಒಂದೊಂದು ಥರ. ನೆನೆದದ್ದು, ಹಬೆ ಕೊಟ್ಟದ್ದು ಸ್ವಲ್ಪ ಆಚೀಚೆ ಆದರೂ ಬಣ್ಣ ಬದಲಾಗುತ್ತದೆ. ಮಾತು ಇಲ್ಲಿ ಸಾಲಲಿಲ್ಲ.

ಹಾಗಾಗಿ ಆ ಪುಟದ ನಡುವೆ ಒಂದು ಖಾಲಿ ಚೌಕ ಬಿಟ್ಟಿದ್ದೇವೆ. ಪ್ರತಿ ಹೊಸ ಲೋಡು ಶುರುವಾಗುವಾಗ ಮೇಸ್ತ್ರಿ ಮೊದಲ ಚೀಲದ ಪಾಲಿಶ್ ತಾವೇ ಹೊಂದಿಸುತ್ತಾರೆ. ಆ ಅಕ್ಕಿಯ ಒಂದು ಚಿಟಿಕೆಯನ್ನು ಪೊಟ್ಟಣಕ್ಕೆ ಹಾಕಿ ಚೌಕದೊಳಗೆ ಸಿಕ್ಕಿಸುತ್ತಾರೆ. ಕೆಳಗೆ ದಿನಾಂಕ, ಭತ್ತದ ಹೆಸರು, ಆ ಲೋಡಿನಲ್ಲಿ 100 ಕೆಜಿಗೆ ಬರಬೇಕಾದ ತೌಡಿನ ತೂಕ. ರಾತ್ರಿ ಪಾಳಿಯವರು ಪಾಲಿಶರ್ ಬಾಯಿಯಿಂದ ಬಂದ ಅಕ್ಕಿಯನ್ನು ಅಂಗೈಯಲ್ಲಿ ಹಿಡಿದು, ಟ್ಯೂಬ್‌ಲೈಟಿನ ಕೆಳಗೆ ಆ ಪೊಟ್ಟಣದ ಪಕ್ಕ ಇಟ್ಟು ನೋಡುತ್ತಾರೆ. ಲೋಡು ಮುಗಿದ ಮೇಲೆ ಪೊಟ್ಟಣ ತೆಗೆದು ಚೌಕ ಖಾಲಿ ಮಾಡುತ್ತಾರೆ.